ದನವೋ, ಧನವೋ? ಫೋನಿನಲ್ಲಿ ಮಂತ್ರ ಓದುವವರ ಕಣ್ಣಿನ ಲೆಕ್ಕ

ಸುದ್ದಿ ಓದುವಾಗ ನಾವು ಒಂದೊಂದೇ ಅಕ್ಷರ ಓದುವುದಿಲ್ಲ. ಗೊತ್ತಿರುವ ಪದಗಳನ್ನು ಊಹಿಸಿಕೊಂಡು ಮುಂದೆ ಹೋಗುತ್ತೇವೆ. 'ಮುಖ್ಯಮಂತ್ರಿ' ಎಂಬಲ್ಲಿ ಖ ಅಕ್ಷರ ಮಸುಕಾಗಿದ್ದರೂ ಯಾರೂ ತಡವರಿಸುವುದಿಲ್ಲ, ಯಾಕೆಂದರೆ ಪದ ಮೊದಲೇ ಗೊತ್ತು. ಮಂತ್ರದ ಕಥೆ ಬೇರೆ. ಸಂಸ್ಕೃತ ಕಲಿಯದವರಿಗೆ ಅಲ್ಲಿ ಊಹೆಗೆ ಆಧಾರವೇ ಇಲ್ಲ. ಕಣ್ಣಿಗೆ ಏನು ಕಂಡಿತೋ ಅದೇ ಬಾಯಿಗೆ ಬರುತ್ತದೆ. ಧ ಅಕ್ಷರದ ಕೆಳಗಿನ ಸಣ್ಣ ಗೀಟು ಕಾಣದಿದ್ದರೆ ಅದು ದ. ಹಾಗೆ ಬಾಯಿಗೆ ಬಂದದ್ದು ದಿನಾ ಹೇಳಿ ಹೇಳಿ ಕಂಠಪಾಠವೂ ಆಗಿಬಿಡುತ್ತದೆ.

ಹಿಂದೆ ಮಂತ್ರ ಕಿವಿಯಿಂದ ಬರುತ್ತಿತ್ತು. ಮಠದಲ್ಲೋ ಮನೆಯಲ್ಲೋ ಹಿರಿಯರು ಹೇಳಿಕೊಡುತ್ತಿದ್ದರು, ತಪ್ಪಿದರೆ ಅಲ್ಲೇ ತಿದ್ದುತ್ತಿದ್ದರು. ಪುಸ್ತಕ ಬರೀ ನೆನಪಿಗೆ. ಈಗ ಬಹಳ ಜನರಿಗೆ ಮಂತ್ರ ಮೊದಲು ಸಿಗುವುದೇ ಫೋನಿನ ಪರದೆಯಲ್ಲಿ, ವಾಟ್ಸಾಪ್‌ನಲ್ಲಿ ಬಂದ ಚಿತ್ರವಾಗಿಯೋ ಯಾವುದೋ ಆಪ್‌ನ ಪುಟವಾಗಿಯೋ. ತಿದ್ದುವವರು ಪಕ್ಕದಲ್ಲಿಲ್ಲ. ಹಾಗಾಗಿ ಫಾಂಟು, ಗಾತ್ರ, ಬಣ್ಣ ಅನ್ನುವುದು ಇಲ್ಲಿ ಅಂದಚೆಂದದ ಪ್ರಶ್ನೆ ಅಲ್ಲ, ಪಾಠಶುದ್ಧಿಯ ಪ್ರಶ್ನೆ. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಾದ್ದರಿಂದ ಇದನ್ನು ನಾನು ಅಳತೆಯಿಂದಲೇ ನೋಡುತ್ತೇನೆ. ಅಳತೆಗೆ ಸಿಕ್ಕದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯ ಒಂದು ಮನೆಯ ದೇವರ ಕೋಣೆ.

ಅರವತ್ತು ಸೆಂಟಿಮೀಟರಿನ ಸಮಸ್ಯೆ

ಸೊಕ್ಕೆಯಲ್ಲಿ ನನ್ನ ದೊಡ್ಡಮ್ಮ ಶ್ರಾವಣ ಸೋಮವಾರ ಮಹಾಮೃತ್ಯುಂಜಯ ಮಂತ್ರ ಹೇಳುತ್ತಾರೆ. ಸಂಬಂಧಿಕರ ಗುಂಪಿನಲ್ಲಿ ಬಂದ ಚಿತ್ರವೇ ಅವರ ಪುಸ್ತಕ. ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಮೇಲೆ ಮುಕ್ಕಾಲು ಭಾಗ ಶಿವನ ಚಿತ್ರ. ಫೋನನ್ನು ತಾಮ್ರದ ಚೊಂಬಿಗೆ ಒರಗಿಸಿ, ಮಣೆಯ ಮೇಲೆ ಕೂತು ಓದುತ್ತಾರೆ. 'ವರ್ಧನಂ' ಅನ್ನುವುದು ಅವರ ಬಾಯಲ್ಲಿ 'ವರ್ದನಂ' ಆಗುತ್ತಿತ್ತು. ಕೇಳಿದೆ. "ಅಕ್ಷರ ಕಾಣ್ತೈತೆ ಕಣಪ್ಪ, ಕೆಳಗಿನ ಗೀಟು ಐತೋ ಇಲ್ವೋ ಗೊತ್ತಾಗಲ್ಲ" ಅಂದರು. ಈ ಒಂದು ಮಾತಿನಲ್ಲಿ ಇಡೀ ಸಮಸ್ಯೆ ಇದೆ.

ಲೆಕ್ಕ ಹಾಕೋಣ. ಅವರದ್ದು 6.5 ಇಂಚಿನ, 720 × 1600 ಪಿಕ್ಸೆಲ್‌ಗಳ ಪರದೆ. ಕಡಿಮೆ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ ಇದು. ಪರದೆಯ ಅಗಲ ಹತ್ತಿರ ಹತ್ತಿರ 68 ಮಿಲಿಮೀಟರ್. ಆಂಡ್ರಾಯ್ಡ್ ಇಂಥ ಪರದೆಯ ಅಗಲವನ್ನು 360 ಘಟಕ ಎಂದು ಎಣಿಸುತ್ತದೆ. ಅಕ್ಷರದ ಗಾತ್ರ ಹೇಳುವುದೂ ಇದೇ ಘಟಕದಲ್ಲಿ. ಅಂದರೆ ಒಂದು ಘಟಕ 0.19 ಮಿಲಿಮೀಟರ್. ವೆಬ್ ಪುಟಗಳಲ್ಲಿ ರೂಢಿಯಲ್ಲಿರುವ 16ರ ಗಾತ್ರ ಈ ಫೋನಿನಲ್ಲಿ 3 ಮಿಲಿಮೀಟರ್ ಆಗುತ್ತದೆ. ದೊಡ್ಡಮ್ಮನ ಚಿತ್ರದ ಅಕ್ಷರವೂ ಅಷ್ಟೇ ಇತ್ತು.

ಈ 3 ಮಿಲಿಮೀಟರ್ ಅಕ್ಷರದ ಎತ್ತರ ಅಲ್ಲ. ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲಕ್ಕೂ ಸೇರಿ ಫಾಂಟು ಕಾದಿಡುವ ಚೌಕ ಅದು. ಗ, ರ, ದ ಮುಂತಾದ ಅಕ್ಷರಗಳ ಮೈ ಅದರಲ್ಲಿ ಹೆಚ್ಚುಕಡಿಮೆ ಅರ್ಧ, ಅಂದರೆ ಒಂದೂವರೆ ಮಿಲಿಮೀಟರ್. ದ ಅಕ್ಷರವನ್ನು ಧ ಮಾಡುವ ಗೀಟು ಚೌಕದ ಹತ್ತನೇ ಒಂದು ಭಾಗದ ಆಸುಪಾಸು. ಫಾಂಟಿನಿಂದ ಫಾಂಟಿಗೆ ಇದು ಬದಲಾಗುತ್ತದೆ, ಆದರೆ 0.3 ಮಿಲಿಮೀಟರ್ ಅಂತ ಇಟ್ಟುಕೊಳ್ಳಬಹುದು.

ಈಗ ಕಣ್ಣಿನ ಕಡೆ ಬನ್ನಿ. ಕಣ್ಣಿನ ಪರೀಕ್ಷೆಯಲ್ಲಿ 6/6 ಎನ್ನುವ ದೃಷ್ಟಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನದ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಚೊಂಬಿಗೆ ಒರಗಿಸಿದ ಫೋನಿಗೂ ದೊಡ್ಡಮ್ಮನ ಕಣ್ಣಿಗೂ ನಡುವೆ ಟೇಪು ಹಿಡಿದಾಗ 60 ಸೆಂಟಿಮೀಟರ್ ಬಂತು. ಆ ದೂರದಲ್ಲಿ ಈ ಕೋನ ಎಂದರೆ 0.17 ಮಿಲಿಮೀಟರ್. ದೃಷ್ಟಿ 6/12 ಇರುವವರಿಗೆ ಅದರ ಎರಡರಷ್ಟು, ಅಂದರೆ 0.35 ಮಿಲಿಮೀಟರ್ ಬೇಕು. ಗೀಟು ಇರುವುದೋ 0.3. ಅಂದರೆ ಅಕ್ಷರ ಕಾಣುತ್ತದೆ, ಗೀಟು ಕಾಣುವುದಿಲ್ಲ. ದೊಡ್ಡಮ್ಮ ಹೇಳಿದ್ದೂ ಅದನ್ನೇ.

ಇದರ ಜೊತೆ ಕನ್ನಡಕದ ತೊಡಕು ಬೇರೆ. ಓದುವ ಕನ್ನಡಕವನ್ನು ಸಾಮಾನ್ಯವಾಗಿ ಪುಸ್ತಕ ಹಿಡಿಯುವ 35ರಿಂದ 40 ಸೆಂಟಿಮೀಟರ್ ದೂರಕ್ಕೆ ಕೊಡುತ್ತಾರೆ. ಫೋನು ಕೈಯಲ್ಲಿದ್ದರೆ ಸರಿ. ಪೂಜೆಗೆ ಕೂತಾಗ ಕೈಯಲ್ಲಿ ಹೂವೋ ಜಪಮಾಲೆಯೋ ಇರುತ್ತದೆ, ಫೋನು ಮುಂದೆ ದೂರದಲ್ಲಿ ಇರುತ್ತದೆ. ಅಲ್ಲಿ ಅದೇ ಕನ್ನಡಕ ಮಸುಕು ಮಾಡುತ್ತದೆ. ಮಂತ್ರದ ಆಪ್ ಮಾಡುವವರು ತಮ್ಮ ಕೈಯಲ್ಲೇ ಫೋನು ಹಿಡಿದು ನೋಡಿ 'ಚೆನ್ನಾಗಿ ಕಾಣುತ್ತೆ' ಅಂದುಕೊಳ್ಳುತ್ತಾರೆ. ಎಡವಟ್ಟು ಶುರುವಾಗುವುದು ಅಲ್ಲಿಂದ.

ಗಾತ್ರ: ದೂರ ಹೆಚ್ಚಿದಷ್ಟೇ ಅಕ್ಷರವೂ

ಪರಿಹಾರದ ಸೂತ್ರ ಸುಲಭ. ದೂರ ಎಷ್ಟು ಪಟ್ಟು ಹೆಚ್ಚಿತೋ ಅಕ್ಷರವೂ ಅಷ್ಟು ಪಟ್ಟು ಹೆಚ್ಚಬೇಕು. ಕೈಯಲ್ಲಿ 35 ಸೆಂಟಿಮೀಟರಿಗೆ 16 ಸಾಕಾದರೆ, 60ಕ್ಕೆ 16 × 60 ÷ 35, ಅಂದರೆ 27.4. ಪೂರ್ಣ ಮಾಡಿ 28 ಇಟ್ಟುಕೊಳ್ಳಿ. ಆಗ ಧ ಅಕ್ಷರದ ಗೀಟು 0.5 ಮಿಲಿಮೀಟರ್ ದಾಟುತ್ತದೆ, 6/12 ಕಣ್ಣಿಗೂ ಸಿಗುತ್ತದೆ.

ಹಾಗಾದರೆ 40 ಯಾಕೆ ಬೇಡ, ದೊಡ್ಡದಾದಷ್ಟೂ ಒಳ್ಳೆಯದಲ್ಲವೇ ಅಂತ ಕೇಳಬಹುದು. ಅಲ್ಲ. ಅಕ್ಷರ ದೊಡ್ಡದಾದಷ್ಟೂ ಸಾಲು ಮುರಿಯುತ್ತದೆ, ಮತ್ತು ಮಂತ್ರದಲ್ಲಿ ಸಾಲು ಮುರಿಯುವುದೆಂದರೆ ಉಸಿರು ಮುರಿದ ಹಾಗೆ. ಮಹಾಮೃತ್ಯುಂಜಯ ಅನುಷ್ಟುಪ್ ಛಂದಸ್ಸಿನದು. ನಾಲ್ಕು ಪಾದ, ಲೆಕ್ಕಕ್ಕೆ ತಲಾ ಎಂಟು ಅಕ್ಷರ. ಬರೆದಿರುವುದನ್ನು ಎಣಿಸಿದರೆ 7, 8, 9, 8 ಸಿಗುತ್ತದೆ, ಒಟ್ಟು 32. ಎರಡು ಪಾದಗಳನ್ನು ಒಂದೇ ಸಾಲಿಗೆ ಹಾಕುವುದು ಪುಸ್ತಕದ ರೂಢಿ. ಫೋನಿನಲ್ಲೂ ಅದೇ ರೂಢಿ ಹಿಡಿದರೆ 16 ಅಕ್ಷರ ಒಂದು ಸಾಲಿಗೆ ಹಿಡಿಸದೆ ಫೋನು ತನಗೆ ತೋಚಿದಲ್ಲಿ ಮುರಿಯುತ್ತದೆ. ಮೊದಲ ಸಾಲಿನಲ್ಲಿ ಒಂದೂವರೆ ಪಾದ, ಎರಡನೆಯದರಲ್ಲಿ ಒಂಟಿಯಾಗಿ ಒಂದು ಪದ. ಓದುವವರು ಸಾಲಿನ ಕೊನೆಗೆ ಸಹಜವಾಗಿಯೇ ನಿಲ್ಲುತ್ತಾರೆ. ಅಲ್ಲಿ ಪಾದವೇ ಮುಗಿದಿರುವುದಿಲ್ಲ.

ಆದ್ದರಿಂದ ಗಾತ್ರ ನಿರ್ಧರಿಸುವುದು ಎರಡು ಕಡೆಯ ಎಳೆತದಿಂದ. ಕಣ್ಣು ಒಂದು ಕನಿಷ್ಠ ಕೇಳುತ್ತದೆ, ಪಾದದ ಅಗಲ ಒಂದು ಗರಿಷ್ಠ ಹೇಳುತ್ತದೆ. ಎರಡು ಬದಿಗೆ 16 ಘಟಕದಷ್ಟು ಅಂಚು ಬಿಟ್ಟರೆ ನಮಗೆ ಉಳಿಯುವುದು 328. 28ರ ಗಾತ್ರದಲ್ಲಿ ಮೊದಲ ಮೂರು ಪಾದ ಆರಾಮಾಗಿ ಕೂರುತ್ತವೆ. ನಾಲ್ಕನೆಯದು 'ಮೃತ್ಯೋರ್ಮುಕ್ಷೀಯ' ಎಂದು ಶುರುವಾಗುತ್ತದೆ. ಓತ್ವ, ಅರ್ಕಾವತ್ತು, ವಟ್ರಸುಳಿ ಎಲ್ಲ ಅಡ್ಡಕ್ಕೆ ಜಾಗ ತಿನ್ನುವುದರಿಂದ ಎಂಟೇ ಅಕ್ಷರವಿದ್ದರೂ ಈ ಪಾದ ಅಂಚಿನ ಹತ್ತಿರ ಹೋಗುತ್ತದೆ. 34 ಮಾಡಿದರೆ ಹೊರಗೆ ಬೀಳುವುದು ಬಹುತೇಕ ಖಚಿತ. ಹಾಗಾಗಿ ಅಕ್ಷರದ ಎಣಿಕೆ ನಂಬಬೇಡಿ, ಅತಿ ಅಗಲದ ಪಾದವನ್ನೇ ಪರದೆಯಲ್ಲಿ ಹಾಕಿ ನೋಡಿ.

ಅದಕ್ಕಿಂತ ದೊಡ್ಡ ಅಕ್ಷರ ಬೇಕಾದವರಿಗೆ ದಾರಿ ಎರಡು. ಫೋನನ್ನು ಅಡ್ಡ ಮಲಗಿಸಿದರೆ ಅಗಲ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಇಲ್ಲವೇ ಪದ ಮುಗಿದ ಕಡೆ ಸಾಲು ಮುರಿದು, ಮುಂದಿನ ಸಾಲನ್ನು ಸ್ವಲ್ಪ ಒಳಗೆ ತಳ್ಳಿ ಬರೆಯಬೇಕು. ಇದು ಹೊಸ ಪಾದ ಅಲ್ಲ, ಹಿಂದಿನದರ ಬಾಲ ಅಂತ ಕಣ್ಣಿಗೆ ಗೊತ್ತಾಗಬೇಕು. ಪದದ ನಡುವೆ ಮಾತ್ರ ಮುರಿಯಲೇಬಾರದು.

ಫಾಂಟು: ಮೇಲೆ ನೋಡಬೇಡಿ, ಕೆಳಗೆ ನೋಡಿ

ಇಂಗ್ಲಿಷ್ ಫಾಂಟುಗಳ ಬಗ್ಗೆ ಬರೆದ ಸಲಹೆಗಳು ಕನ್ನಡಕ್ಕೆ ಅರ್ಧ ಮಾತ್ರ ಹೊಂದುತ್ತವೆ. ಕನ್ನಡದಲ್ಲಿ ತಪ್ಪು ಹುಟ್ಟುವ ಜಾಗಗಳು ಹೆಚ್ಚಾಗಿ ಅಕ್ಷರದ ಕೆಳಗೆ ಮತ್ತು ಹೊಟ್ಟೆಯೊಳಗೆ ಇರುತ್ತವೆ. ದ–ಧ, ಬ–ಭ, ಪ–ಫ, ಡ–ಢ ಜೋಡಿಗಳಲ್ಲಿ ವ್ಯತ್ಯಾಸ ತಳದಲ್ಲಿದೆ. ರ–ಠ ಮತ್ತು ಧ–ಥ ಜೋಡಿಗಳಲ್ಲಿ ಹೊಟ್ಟೆಯೊಳಗಿನ ಚುಕ್ಕಿಯಲ್ಲಿದೆ. ಪ–ಷ ಜೋಡಿಯಲ್ಲಿ ಒಳಗಿನ ಅಡ್ಡಗೆರೆಯಲ್ಲಿದೆ. ಒತ್ತಕ್ಷರವಂತೂ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುತ್ತದೆ.

ಇದರಿಂದ ಮೊದಲು ಸಿಗುವ ಪಾಠ, ದಪ್ಪ ಅಕ್ಷರ ಬೇಡ. ಕಾಣಲಿ ಅಂತ ಬೋಲ್ಡ್ ಮಾಡುವುದು ಎಲ್ಲರ ಮೊದಲ ಉಪಾಯ. ಆದರೆ ಗೆರೆ ದಪ್ಪವಾದಾಗ ಒಳಗಿನ ಖಾಲಿ ಜಾಗ ಮುಚ್ಚುತ್ತದೆ. ಠ ಅಕ್ಷರದ ಚುಕ್ಕಿ ಸುತ್ತಲಿನ ಗೆರೆಗೆ ಅಂಟುತ್ತದೆ, ಷ ಒಂದು ಕಪ್ಪು ಮುದ್ದೆಯಾಗುತ್ತದೆ. ದೂರದಿಂದ ಅಕ್ಷರ ಇದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ, ಯಾವ ಅಕ್ಷರ ಅಂತ ಗೊತ್ತಾಗುವುದಿಲ್ಲ. ಸಾಮಾನ್ಯ ತೂಕ, ಹೆಚ್ಚೆಂದರೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಕಾಣಬೇಕೆಂದರೆ ಗಾತ್ರ ಹೆಚ್ಚಿಸಿ, ದಪ್ಪ ಅಲ್ಲ.

ಯಾವ ಫಾಂಟು? ಗೂಗಲ್‌ನ ನೋಟೊ ಸಾನ್ಸ್ ಕನ್ನಡ ಉಚಿತ, ಬಹುತೇಕ ಆಂಡ್ರಾಯ್ಡ್ ಫೋನುಗಳ ಒಳಗೇ ಇರುತ್ತದೆ. ಗೆರೆಯ ದಪ್ಪ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಕಡಿಮೆ ಪಿಕ್ಸೆಲ್‌ಗಳ ಪರದೆಯಲ್ಲೂ ಯಾವ ಗೆರೆಯೂ ಮಾಯವಾಗುವುದಿಲ್ಲ. ನೋಟೊ ಸೆರಿಫ್ ಕನ್ನಡ ಮತ್ತು ಟೈರೊ ಕನ್ನಡದಲ್ಲಿ ಗೆರೆ ದಪ್ಪ–ತೆಳು ಆಗುತ್ತಾ ಸಾಗುತ್ತದೆ, ಮುದ್ರಿತ ಪುಸ್ತಕದ ಛಾಯೆ ಇದೆ. ಪುಸ್ತಕ ಓದಿ ರೂಢಿಯಿರುವ ಹಿರಿಯರಿಗೆ ಅದು ಹಿತ. 28ರ ಗಾತ್ರದಲ್ಲಿ ತೆಳು ಗೆರೆಗಳೂ ನಿಲ್ಲುತ್ತವೆ, 16ರಲ್ಲಿ ಅನುಮಾನ. ಬಲೂ ತಮ್ಮ, ಅಕಾಯ ಕನಡಕ ಮೊದಲಾದ ಅಲಂಕಾರದ ಫಾಂಟುಗಳು ಶೀರ್ಷಿಕೆಗೆ ಚೆಂದ. ಮಂತ್ರದ ಮೈಗೆ ಅವನ್ನು ಹಾಕಬೇಡಿ.

ಹೆಸರಿಗಿಂತ ಪರೀಕ್ಷೆ ಮುಖ್ಯ. ನಾನು ಮೂರು ಪದಗಳನ್ನು ಬಳಸುತ್ತೇನೆ: ವರ್ಧನ, ತ್ರ್ಯಂಬಕ, ಲಕ್ಷ್ಮ್ಯೈ. ಮೊದಲನೆಯದರಲ್ಲಿ ಧ ಅಕ್ಷರದ ಗೀಟು ಬಿಡಿಯಾಗಿ ಕಾಣಬೇಕು, ಪಕ್ಕದ ಅರ್ಕಾವತ್ತು ಮುಂದಿನ ಅಕ್ಷರಕ್ಕೆ ತಾಗಬಾರದು. ಎರಡನೆಯದರಲ್ಲಿ ತ ಅಕ್ಷರಕ್ಕೆ ರ ಒತ್ತು, ಯ ಒತ್ತು ಎರಡೂ ಇವೆ, ಒಂದನ್ನೊಂದು ತುಳಿಯಬಾರದು. ಮೂರನೆಯದು ಕಷ್ಟದ ಪರೀಕ್ಷೆ. ಕ ಅಕ್ಷರಕ್ಕೆ ಷ, ಮ, ಯ ಮೂರು ಒತ್ತು, ಮೇಲೆ ಐತ್ವ. ಲಕ್ಷ್ಮೀ ಅಷ್ಟೋತ್ತರದಲ್ಲಿ ಇಂಥ ಪದ ಬಂದೇ ಬರುತ್ತದೆ. ಅಲ್ಲಿ ಒತ್ತುಗಳು ಒಡೆದು ಹಲಂತವಾಗಿ ಸಾಲಿನಲ್ಲಿ ನಿಂತರೆ, ಅಥವಾ ಚುಕ್ಕಿಗಳ ವೃತ್ತ ಕಾಣಿಸಿದರೆ, ಆ ಫಾಂಟು ಮಂತ್ರಕ್ಕೆ ಅಲ್ಲ.

ಕೆಲವೊಮ್ಮೆ ಫಾಂಟು ಸರಿಯಿದ್ದರೂ ಒತ್ತಿನ ಬುಡ ಕತ್ತರಿಸಿದಂತೆ ಕಾಣುತ್ತದೆ. ಇದಕ್ಕೆ ಒಂದು ಇತಿಹಾಸ ಇದೆ. ಇಂಗ್ಲಿಷ್ ಸಾಲಿನ ಎತ್ತರಕ್ಕೆ ಹೊಂದಿಸಲೆಂದು ಆಂಡ್ರಾಯ್ಡ್ ಬಹಳ ವರ್ಷ ಕನ್ನಡದಂಥ ಲಿಪಿಗಳಿಗೆ ಮೇಲೆ ಕೆಳಗೆ ಅಮುಕಿದ, ಕುಳ್ಳನೆಯ ರೂಪವನ್ನು ಆಪ್‌ಗಳಲ್ಲಿ ತೋರಿಸುತ್ತಿತ್ತು. ಪೂರ್ಣ ಎತ್ತರದ ರೂಪ ಬೇಕೆಂದರೆ ಆಪ್ ಬರೆಯುವವರು ಕೇಳಿ ಪಡೆಯಬೇಕಿತ್ತು:

```
android:elegantTextHeight="true"
```

ಆಂಡ್ರಾಯ್ಡ್ 15ಕ್ಕೆಂದು ಸಿದ್ಧಪಡಿಸಿದ ಆಪ್‌ಗಳಲ್ಲಿ ಇದು ತಾನಾಗಿಯೇ ಚಾಲೂ ಇರುತ್ತದೆ. ಹಳೆಯ ಆಪ್‌ಗಳಲ್ಲಿ ಇರುವುದಿಲ್ಲ. ಸುದ್ದಿಗೆ, ಬಟನ್‌ಗಳಿಗೆ ಕುಳ್ಳ ರೂಪ ನಡೆಯುತ್ತದೆ. ಮೂರು ಒತ್ತು ಹೊತ್ತ ಅಕ್ಷರಕ್ಕೆ ನಡೆಯುವುದಿಲ್ಲ. ವೆಬ್ ಪುಟ ಮಾಡುವವರಿಗೆ ಇದಕ್ಕೆ ಸಮನಾದ ಎಚ್ಚರಿಕೆ ಎಂದರೆ ಸಾಲಿನ ಎತ್ತರ. ಅಕ್ಷರದ ಗಾತ್ರದ 1.8 ಪಟ್ಟು ಕೊಡಿ. ಅದಕ್ಕಿಂತ ಕಡಿಮೆಯಾದರೆ ಮೇಲಿನ ಸಾಲಿನ ಯ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಬಡಿಯುತ್ತದೆ.

ವೇದಮಂತ್ರಕ್ಕೆ ಸ್ವರದ ಗುರುತು ಹಾಕುವವರಿಗೆ ಇನ್ನೊಂದು ಮಾತು. ಅನುದಾತ್ತದ ಅಡ್ಡಗೆರೆ ಅಕ್ಷರದ ಕೆಳಗೆ ಬರುತ್ತದೆ. ಕನ್ನಡದಲ್ಲಿ ಆ ಜಾಗ ಮೊದಲೇ ಒತ್ತಕ್ಷರದ್ದು. ನಾಗರಿಯಲ್ಲಿ ಸಂಯುಕ್ತಾಕ್ಷರ ಹೆಚ್ಚಾಗಿ ಅಡ್ಡಕ್ಕೆ ಬೆಳೆಯುವುದರಿಂದ ಈ ಜಗಳ ಅಷ್ಟಿಲ್ಲ. ಕನ್ನಡದಲ್ಲಿ ಗೆರೆ ಒತ್ತಿನ ಕೆಳಗೆ ಇಳಿಯಬೇಕು, ಸಾಲಿನ ಎತ್ತರ 2 ಪಟ್ಟು ದಾಟಬೇಕು. ಗೆರೆಗೆ ಬೇರೆ ಬಣ್ಣ ಕೊಡಲು ಹೋಗಿ ವೆಬ್ ಪುಟದಲ್ಲಿ ಅದನ್ನು ಪ್ರತ್ಯೇಕ ತುಣುಕು ಮಾಡಿದರೆ ಅಕ್ಷರದಿಂದ ಕಳಚಿಕೊಳ್ಳುವ ಅಪಾಯವಿದೆ. ಸ್ವರವೂ ಅಕ್ಷರದ ಬಣ್ಣದಲ್ಲೇ ಇರಲಿ.

ಬಣ್ಣ: ಹಳದಿ ಮೇಲೆ ಕೆಂಪು ಯಾಕೆ ಸೋಲುತ್ತದೆ

ಅರಿಶಿನ–ಕುಂಕುಮದ ಬಣ್ಣಗಳು ಮಂಗಳಕರ, ಅದರ ಬಗ್ಗೆ ತಕರಾರಿಲ್ಲ. ಆದರೆ ಓದುವ ಕಣ್ಣಿಗೆ ಬೇಕಾದದ್ದು ಬಣ್ಣದ ವ್ಯತ್ಯಾಸಕ್ಕಿಂತ ಬೆಳಕಿನ ವ್ಯತ್ಯಾಸ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಇದನ್ನು ಒಂದು ಅನುಪಾತದಲ್ಲಿ ಅಳೆಯುತ್ತದೆ. ಬಿಳಿ ಮೇಲೆ ಕಪ್ಪು ಇದ್ದರೆ 21, ಎರಡೂ ಒಂದೇ ಬಣ್ಣವಾದರೆ 1. ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5 ಇರಬೇಕು, ಕಟ್ಟುನಿಟ್ಟಿನ ಮಟ್ಟಕ್ಕೆ 7.

ಅಚ್ಚ ಹಳದಿ ಮೇಲೆ ಅಚ್ಚ ಕೆಂಪು ಹಾಕಿದರೆ ಈ ಅನುಪಾತ 3.7. ಕೇಸರಿ ಮೇಲೆ ಬಿಳಿ ಹಾಕಿದರೆ ಬರೀ 2.1. ಮಂತ್ರದ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಎರಡು ಜೋಡಿಗಳು ಇವೇ. ಇನ್ನೊಂದು ಕಡೆ, ಕೆನೆ ಬಣ್ಣದ #FFF8E7 ಹಿನ್ನೆಲೆಯ ಮೇಲೆ ಕಡುಗೆಂಪು #800000 ಹಾಕಿದರೆ ಅನುಪಾತ 10 ದಾಟುತ್ತದೆ. ಕುಂಕುಮ, ಗಂಧದ ಛಾಯೆ ಅಲ್ಲೇ ಇದೆ, ಓದಲೂ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದೇ ಮಾನದಂಡ ದೊಡ್ಡ ಅಕ್ಷರಕ್ಕೆ ರಿಯಾಯಿತಿ ಕೊಟ್ಟು 3 ಸಾಕು ಎನ್ನುತ್ತದೆ. ನಮ್ಮ 28ರ ಗಾತ್ರ ಆ ರಿಯಾಯಿತಿಗೆ ಅರ್ಹ. ಅಂದರೆ ಕಾಗದದ ಮೇಲೆ ಹಳದಿ–ಕೆಂಪು ಪಾಸು! ಕನ್ನಡದಲ್ಲಿ ಈ ರಿಯಾಯಿತಿ ತೆಗೆದುಕೊಳ್ಳಬಾರದು ಎನ್ನುವುದು ನನ್ನ ವಾದ. ಮೂಲ ಅಕ್ಷರ ದೊಡ್ಡದಾದ ಮಾತ್ರಕ್ಕೆ ಅದರ ಒತ್ತು ದೊಡ್ಡದಾಗಲಿಲ್ಲ. 28ರ ಅಕ್ಷರದ ಕೆಳಗಿನ ಒತ್ತು ಕಣ್ಣಿಗೆ ಚಿಕ್ಕ ಪಠ್ಯವೇ. ಹಾಗಾಗಿ ಗಾತ್ರ ಎಷ್ಟೇ ಇರಲಿ, ಮಂತ್ರಕ್ಕೆ 7ಕ್ಕಿಂತ ಕಡಿಮೆ ಬೇಡ.

ಚಿತ್ರವಾಗಿ ಕಳಿಸುವಾಗ ಇನ್ನೊಂದು ಪೆಟ್ಟು ಬೀಳುತ್ತದೆ. ವಾಟ್ಸಾಪ್‌ನಂಥವು ಫೋಟೊವನ್ನು ಜೆಪೆಗ್ ಆಗಿ ಕುಗ್ಗಿಸುತ್ತವೆ. ಜೆಪೆಗ್‌ನಲ್ಲಿ ಬೆಳಕಿನ ವಿವರವನ್ನು ಪೂರ್ತಿ ಇಟ್ಟು, ಬಣ್ಣದ ವಿವರವನ್ನು ಸಾಮಾನ್ಯವಾಗಿ ಉದ್ದಕ್ಕೂ ಅಗಲಕ್ಕೂ ಅರ್ಧಕ್ಕೆ ಇಳಿಸುತ್ತಾರೆ, ನಿಸರ್ಗದ ಫೋಟೊಗಳಲ್ಲಿ ಅದು ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ. ಆದರೆ ಹಳದಿ–ಕೆಂಪಿನ ನಡುವೆ ಇರುವುದು ಹೆಚ್ಚಾಗಿ ಬಣ್ಣದ ವ್ಯತ್ಯಾಸವೇ. ಅದನ್ನೇ ಅರ್ಧ ಮಾಡಿದರೆ ತೆಳು ಗೀಟುಗಳ ಅಂಚು ಹಿನ್ನೆಲೆಗೆ ಕಲಸಿಹೋಗುತ್ತದೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಡೌನ್‌ಲೋಡು, ಸ್ಕ್ರೀನ್‌ಶಾಟು ಮಾಡಿ ಕಳಿಸಿದಷ್ಟೂ ಇದು ಕೆಡುತ್ತದೆ. ಕೆನೆ–ಕಡುಗೆಂಪಿನ ನಡುವಿನದು ಬೆಳಕಿನ ವ್ಯತ್ಯಾಸ, ಅದು ಬಹುಮಟ್ಟಿಗೆ ಉಳಿಯುತ್ತದೆ.

ಕತ್ತಲ ಹಿನ್ನೆಲೆಯ ಮಾತೂ ಬರುತ್ತದೆ. ನಸುಕಿನಲ್ಲಿ ದೀಪದ ಬೆಳಕಷ್ಟೇ ಇರುವ ಕೋಣೆಯಲ್ಲಿ ಬಿಳಿ ಪರದೆ ಕಣ್ಣಿಗೆ ಚುಚ್ಚುತ್ತದೆ. ಕಣ್ಣಿನ ಪೊರೆ ಶುರುವಾದವರಿಗೆ ಇನ್ನೂ ಹೆಚ್ಚು. ಅವರಿಗೆ #121212ರಂಥ ಮಸಿ ಬಣ್ಣದ ಮೇಲೆ ಕೆನೆ ಅಕ್ಷರ ಹಿತವಾಗಬಹುದು, ಅನುಪಾತ 17ರ ಮೇಲಿದೆ. ಆದರೆ ಕೆಲವರಿಗೆ ಕಪ್ಪಿನ ಮೇಲಿನ ಬೆಳ್ಳನೆಯ ಅಕ್ಷರ ಸುತ್ತ ಹರಡಿದಂತೆ ಕಂಡು, ಅದೇ ಸಣ್ಣ ಗೀಟುಗಳು ಮುಚ್ಚಿಹೋಗುತ್ತವೆ. ಹಗಲು ಜಗಲಿಯ ಮೇಲೆ ಕೂತರೆ ಕಪ್ಪು ಪರದೆ ಕನ್ನಡಿಯಾಗಿ ನಿಮ್ಮ ಮುಖವನ್ನೇ ತೋರಿಸುತ್ತದೆ. ಎರಡೂ ಆಯ್ಕೆ ಇಟ್ಟು ಓದುವವರಿಗೆ ಬಿಡುವುದೇ ಸರಿ.

ಚಿತ್ರವೋ, ಪಠ್ಯವೋ

ಸಾಧ್ಯವಿದ್ದರೆ ಮಂತ್ರವನ್ನು ಪಠ್ಯವಾಗಿಯೇ ಕಳಿಸಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಂಡವರಿಗೆ ಪಠ್ಯ ತಾನಾಗಿ ದೊಡ್ಡದಾಗುತ್ತದೆ, ಆಂಡ್ರಾಯ್ಡ್ 14ರಿಂದ ಎರಡು ಪಟ್ಟಿನವರೆಗೂ. ಚಿತ್ರಕ್ಕೆ ಆ ಸೆಟ್ಟಿಂಗ್ ತಾಗುವುದೇ ಇಲ್ಲ. ಬೆರಳಿನಲ್ಲಿ ಹಿಗ್ಗಿಸಿದರೆ ಸಾಲಿನ ಕೊನೆ ಪರದೆಯ ಆಚೆ ಹೋಗುತ್ತದೆ, ಪೂಜೆಯ ನಡುವೆ ಒದ್ದೆ ಕೈಯಲ್ಲಿ ಎಳೆದಾಡಬೇಕು.

ಪಠ್ಯ ಕಳಿಸುವಾಗ ಎರಡು ಕಡೆ ಜೋಪಾನ. ಹಳೆಯ ಪುಸ್ತಕದ ಕಡತ ನುಡಿಯ ಹಳೆಯ, ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಪರಿವರ್ತಕ ಬಳಸಿದ ಮೇಲೂ ಅರ್ಕಾವತ್ತು, ಜೋಡಿ ಒತ್ತು ಇರುವ ಪದಗಳನ್ನು ಮೂಲದ ಜೊತೆ ಇಟ್ಟು ನೋಡಬೇಕು. ಇನ್ನೊಂದು, ವಿಸರ್ಗದ ಬದಲು ಇಂಗ್ಲಿಷಿನ ಕೋಲನ್, ಅನುಸ್ವಾರದ ಬದಲು ಸೊನ್ನೆ ಒತ್ತುವ ಅಭ್ಯಾಸ. ಕಣ್ಣಿಗೆ ಒಂದೇ ಥರ ಕಂಡರೂ ಫೋನು ಅದನ್ನು ಅಕ್ಷರದ ಭಾಗವೆಂದು ತಿಳಿಯುವುದಿಲ್ಲ.

ಚಿತ್ರವೇ ಬೇಕು, ದೇವರ ಮುಖ ಕಾಣಬೇಕು ಅನ್ನುವವರೇ ಹೆಚ್ಚು. ಅದಕ್ಕೂ ಅಳತೆ ಕೊಡುತ್ತೇನೆ. ಚಿತ್ರದ ಅಗಲ 1080 ಪಿಕ್ಸೆಲ್ ಇದ್ದರೆ, 360ರ ಪರದೆಯಲ್ಲಿ ಅದು ಮೂರನೇ ಒಂದಕ್ಕೆ ಇಳಿಯುತ್ತದೆ. ಆದ್ದರಿಂದ 28 ಕಾಣಬೇಕಾದರೆ ಚಿತ್ರದಲ್ಲಿ ಅಕ್ಷರ 84 ಪಿಕ್ಸೆಲ್ ಇರಬೇಕು. ದೊಡ್ಡಮ್ಮನ ಚಿತ್ರದಲ್ಲಿ ಅದು 48 ಇತ್ತು. ನಾಲ್ಕು ಪಾದ, ನಾಲ್ಕು ಸಾಲು, 1.8 ಪಟ್ಟು ಎತ್ತರ ಅಂದರೆ 605 ಪಿಕ್ಸೆಲ್. 1080 × 1080ರ ಚೌಕದಲ್ಲಿ ಇನ್ನೂ 475 ಉಳಿಯುತ್ತದೆ. ಶಿವ ಅಲ್ಲಿ ಧಾರಾಳವಾಗಿ ಕೂರುತ್ತಾನೆ. ಮೈಮೇಲೆ ಅಕ್ಷರ ಹಾಯಿಸುವ ಅಗತ್ಯವೇ ಇಲ್ಲ. ಒಂದು ಚಿತ್ರಕ್ಕೆ ಒಂದೇ ಶ್ಲೋಕ ಎಂಬ ನಿಯಮ ಇಟ್ಟುಕೊಂಡರೆ ಸಾಕು. ಹತ್ತು ಶ್ಲೋಕವನ್ನು ಒಂದೇ ಚಿತ್ರಕ್ಕೆ ತುರುಕಿದಾಗಲೇ 84 ಇದ್ದದ್ದು 40ಕ್ಕೆ ಇಳಿಯುವುದು.

ಸೊಕ್ಕೆಯಲ್ಲಿ ಕೂತೇ ಈ ಅಳತೆಗೆ ಇನ್ನೊಂದು ಚಿತ್ರ ಮಾಡಿ ಕೊಟ್ಟೆ. ನೋಟೊ ಸೆರಿಫ್, 84, ಕೆನೆ ಮೇಲೆ ಕಡುಗೆಂಪು. ದೊಡ್ಡಮ್ಮ ಧ ಅನ್ನು ಧ ಎಂದೇ ಓದಿದರು. ಜೊತೆಗೆ 'ಮಾಽಮೃತಾತ್' ಎಂಬಲ್ಲಿ ನಡುವೆ ನಿಂತ ಅವಗ್ರಹದ ಮೇಲೆ ಬೆರಳಿಟ್ಟು "ಇದೇನಪ್ಪ, ಇಂಗ್ಲಿಷ್ ಎಸ್ ಇದ್ದಂಗೈತೆ, ಮೊದ್ಲು ಇರ್ಲಿಲ್ವಲ್ಲ" ಅಂದರು. ಹಳೆಯ ಚಿತ್ರದಲ್ಲೂ ಇತ್ತು, ಕಂಡಿರಲಿಲ್ಲ ಅಷ್ಟೇ. ಅಲ್ಲಿ 'ಅಮೃತ'ದ ಅಕಾರ ಅಡಗಿದೆ ಎಂದು ಹೇಳುವ ಗುರುತು ಅದು. ಬಿಡಿಸುವುದು ಸಾವಿನಿಂದ, ಅಮೃತತ್ವದಿಂದ ಅಲ್ಲ ಎಂಬ ಅರ್ಥಕ್ಕೆ ಆ ಅಕಾರವೇ ಆಧಾರ. ಅವಗ್ರಹ ಹಾಕದೆ ಮುದ್ರಿಸುವ ಪಾಠವೂ ಇದೆ, ಉಚ್ಚಾರ ಬದಲಾಗುವುದಿಲ್ಲ. ಆದರೆ ಹಾಕಿದ ಮೇಲೆ ಅದು ಕಾಣಬೇಕು.

ಅಳತೆಯ ಮಿತಿಯನ್ನೂ ಹೇಳಿಬಿಡುತ್ತೇನೆ. ಟೈಪು ಮಾಡಿದವರೇ 'ವರ್ದನಂ' ಎಂದು ಮಾಡಿದ್ದರೆ ಒಳ್ಳೆಯ ಫಾಂಟು ಆ ತಪ್ಪನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ, ಅಷ್ಟೇ. ಹ್ರಸ್ವ–ದೀರ್ಘದ ಎಳೆತ, ಉಸಿರು, ಸ್ವರ ಇವು ಇನ್ನೂ ಕಿವಿಯಿಂದಲೇ ಬರಬೇಕು. ಪರದೆಯ ಕೆಲಸ ಚಿಕ್ಕದು: ಬರೆದದ್ದು ಬರೆದ ಹಾಗೆ ಕಣ್ಣಿಗೆ ಮುಟ್ಟಬೇಕು.

ಅದು ಮುಟ್ಟುತ್ತಿದೆಯೋ ಇಲ್ಲವೋ ತಿಳಿಯಲು ಯಂತ್ರ ಬೇಡ. ಕಡಿಮೆ ಬೆಲೆಯ ಫೋನು ತೆಗೆದುಕೊಳ್ಳಿ. ಗೋಡೆಗೆ ಒರಗಿಸಿ, ಒಂದೂವರೆ ಮೊಳಕ್ಕೆ ಸ್ವಲ್ಪ ಕಡಿಮೆ ದೂರ ಕೂರಿಸಿ. ಆ ಮಂತ್ರವನ್ನು ಎಂದೂ ಕೇಳದ ಅರವತ್ತು ದಾಟಿದವರೊಬ್ಬರಿಗೆ ಗಟ್ಟಿಯಾಗಿ ಓದಲು ಹೇಳಿ. ಕಂಠಪಾಠ ಇರುವವರನ್ನು ಕರೆಯಬೇಡಿ, ಅವರು ಪರದೆ ಆರಿದರೂ ಸರಿಯಾಗಿಯೇ ಹೇಳುತ್ತಾರೆ. ಧ ಎಲ್ಲಿ ದ ಆಯಿತು, ಠ ಎಲ್ಲಿ ರ ಆಯಿತು, ಉಸಿರು ಎಲ್ಲಿ ತಪ್ಪು ಕಡೆ ನಿಂತಿತು ಎಂದು ಗುರುತು ಹಾಕಿಕೊಳ್ಳಿ. ಚಿತ್ರವನ್ನು ಗುಂಪಿಗೆ ಹಾಕುವುದು ಆ ಪಟ್ಟಿ ಖಾಲಿಯಾದ ಮೇಲೆ.